ಹದಿನೇಳು ಸಾಲು, ಒಂದು ಕೋಳಿ ಸಾರು

ಸೋಮವಾರ ಬೆಳಗ್ಗೆ ಹಾಸ್ಟೆಲಿನ ಶೌಚಾಲಯದ ಮುಂದೆ ಹುಡುಗರ ಸಾಲು. 84 ಮಂದಿಯಲ್ಲಿ 17 ಮಂದಿಗೆ ಭೇದಿ. 'ಭಾನುವಾರ ರಾತ್ರಿಯ ಕೋಳಿ ಸಾರು ಕೆಟ್ಟಿತ್ತು, ಫುಡ್ ಪಾಯ್ಸನ್' ಎಂದು ವಾರ್ಡನ್ ಆಗಲೇ ತೀರ್ಪು ಬರೆದಾಗಿದೆ. ಇದು ಲೆಕ್ಕ ತೋರಿಸಲೆಂದು ಕಟ್ಟಿದ ಉದಾಹರಣೆ. ಆದರೆ ಇಂಥ ತೀರ್ಪು ಎಲ್ಲಿ ಎಡವುತ್ತದೆ ಎಂಬುದು ಲೈನ್ ಲಿಸ್ಟ್ ಬರೆದ ಮೇಲೇ ಕಾಣುವುದು.

ಲೈನ್ ಲಿಸ್ಟ್ ಎಂದರೆ ರೋಗಿಗೊಂದು ಸಾಲು ಇರುವ ಪಟ್ಟಿ, ಅಷ್ಟೆ. ಯಾರನ್ನು ಸೇರಿಸಬೇಕೆಂದು ಮೊದಲು ಗೆರೆ ಎಳೆದುಕೊಳ್ಳಬೇಕು: 24 ಗಂಟೆಯೊಳಗೆ ಮೂರು ಅಥವಾ ಹೆಚ್ಚು ಸಲ ತೆಳ್ಳಗೆ ಭೇದಿಯಾದವರು. ಹೊಟ್ಟೆ ತೊಳಸಿದವರೆಲ್ಲ ಬೇಡ. ಆಮೇಲೆ ಕಾಲಂಗಳು: ಹೆಸರು, ವಯಸ್ಸು, ಲಿಂಗ, ಕೊಠಡಿ, ಶುರುವಾದ ದಿನ ಮತ್ತು ಗಂಟೆ, ವಾಂತಿ, ಜ್ವರ, ಮಲದಲ್ಲಿ ರಕ್ತ, ಹಿಂದಿನ ಮೂರು ದಿನದ ಊಟ, ಕುಡಿದ ನೀರು, ಮಾದರಿ ತೆಗೆದದ್ದು, ಚಿಕಿತ್ಸೆ, ಈಗಿನ ಸ್ಥಿತಿ.

ಹೆಚ್ಚು ಜನ ಕೆಡಿಸುವ ಕಾಲಂ ಗಂಟೆಯದು. 'ಸೋಮವಾರ' ಎಂದಷ್ಟೇ ಬರೆದರೆ ಕೆಲಸಕ್ಕೆ ಬಾರದು. ನಮ್ಮ ಪಟ್ಟಿಯ ಮೊದಲ ಹುಡುಗನಿಗೆ ಭೇದಿ ಹತ್ತಿದ್ದು ಭಾನುವಾರ ಸಂಜೆ 4ಕ್ಕೆ. ಕೋಳಿ ಸಾರು ಬಡಿಸಿದ್ದು ರಾತ್ರಿ 8ಕ್ಕೆ. ಒಬ್ಬನ ಭೇದಿಗೆ ಬೇರೆಯೇ ಕಾರಣವೂ ಇರಬಹುದು, ನಿಜ. ಹಾಗಾಗಿ ಆರೋಗ್ಯವಾಗಿದ್ದವರಿಗೂ ಅದೇ ಪ್ರಶ್ನೆ ಕೇಳಬೇಕು. ಕೇಳಿದಾಗ ಸಿಕ್ಕದ್ದು ಇದು: ಕೋಳಿ ತಿಂದ 60 ಮಂದಿಯಲ್ಲಿ 12 ಮಂದಿಗೆ ಭೇದಿ, ತಿನ್ನದ 24ರಲ್ಲಿ 5 ಮಂದಿಗೆ. ಎರಡೂ ಕಡೆ ಹೆಚ್ಚೂಕಡಿಮೆ ಐವರಲ್ಲಿ ಒಬ್ಬ. ಕೊಠಡಿಯ ಕಾಲಂ ಬೇರೆ ಕಥೆ ಹೇಳುತ್ತದೆ: ಮೊದಲ ಮಹಡಿಯ 28ರಲ್ಲಿ 14, ಉಳಿದ ಮಹಡಿಗಳ 56ರಲ್ಲಿ ಬರೀ 3. ಆ ಮಹಡಿಗೆ ಬೇರೆಯದೇ ನೀರಿನ ಫಿಲ್ಟರ್ ಇದೆ. ಪಾಪ, ಅಡುಗೆಭಟ್ಟರು ಅಷ್ಟರಲ್ಲಿ ಕೆಲಸ ಕಳೆದುಕೊಂಡಿರದಿದ್ದರೆ ಸಾಕು.

ಇಷ್ಟೆಲ್ಲ ತಿಳಿಯುವವರೆಗೆ ವರದಿ ಕಾಯಬಾರದು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಫೋನು, ಹಿಂದೆಯೇ ನಾಲ್ಕು ಸಾಲು:

'ಸೋಮವಾರ ಬೆಳಗ್ಗೆ 9ರ ಮಾಹಿತಿ: ಹಾಸ್ಟೆಲಿನ 84 ವಿದ್ಯಾರ್ಥಿಗಳಲ್ಲಿ 17 ಮಂದಿಗೆ ಭೇದಿ. ಮೊದಲನೆಯದು ಭಾನುವಾರ ಸಂಜೆ 4ಕ್ಕೆ. ಮಲದಲ್ಲಿ ರಕ್ತ ಯಾರಿಗೂ ಇಲ್ಲ. ಇಬ್ಬರು ಆಸ್ಪತ್ರೆಯಲ್ಲಿ, ಸಾವಿಲ್ಲ. ಕಾರಣ ಇನ್ನೂ ತಿಳಿದಿಲ್ಲ. ಊಟ, ನೀರು ಎರಡನ್ನೂ ಪರಿಶೀಲಿಸಲಾಗುತ್ತಿದೆ. ಓಆರ್‌ಎಸ್ ಕೊಡಲಾಗುತ್ತಿದೆ. ಸಂಜೆ 5ಕ್ಕೆ ಮುಂದಿನ ವರದಿ.'

ಹೆಸರುಗಳು ಪಟ್ಟಿಯಲ್ಲೇ ಉಳಿಯುತ್ತವೆ. 'ಫುಡ್ ಪಾಯ್ಸನ್', 'ಕಾಲರಾ' ಎಂಬ ಪದಗಳು ಪ್ರಯೋಗಾಲಯ ಹೇಳುವವರೆಗೆ ಬರುವುದಿಲ್ಲ. ಪ್ರಯೋಗಾಲಯ ಹೇಳಬೇಕಾದರೆ ಆಂಟಿಬಯಾಟಿಕ್ ನುಂಗುವ ಮೊದಲೇ ಕೆಲವರ ಮಲದ ಮಾದರಿ ತೆಗೆದಿರಬೇಕು. ಫಿಲ್ಟರಿನ ನೀರನ್ನಂತೂ ಕುಡಿಯುವುದು ತಕ್ಷಣ ನಿಲ್ಲಿಸಬೇಕು. ಆದರೆ ಯಾರಾದರೂ ಗಾಬರಿಯಲ್ಲಿ ಅದನ್ನು ತಿಕ್ಕಿ ತೊಳೆದು ಬ್ಲೀಚಿಂಗ್ ಪೌಡರ್ ಸುರಿಯುವ ಮುಂಚೆ ಮಾದರಿ ಬಾಟಲಿಗೆ ಹಿಡಿದಿಟ್ಟಿರಬೇಕು.