ದುಂಡು ಮೈಗೆ ಉಬ್ಬಕ್ಷರ

ಎಂಟು ಸೆಂಟಿಮೀಟರ್ ವ್ಯಾಸದ ದುಂಡನೆಯ ಪೆನ್ ಸ್ಟ್ಯಾಂಡೊಂದರ ಮೇಲೆ ‘ಪುಸ್ತಕ’ ಎಂಬ ಪದ ಉಬ್ಬಿ ನಿಲ್ಲಬೇಕು, ಅಗಲ 60 ಮಿ.ಮೀ. ಅದನ್ನು ತ್ರಿಡಿ ಪ್ರಿಂಟರಿನಲ್ಲಿ ಮುದ್ರಿಸಬೇಕು. ಕ್ಯಾಡ್ ತಂತ್ರಾಂಶದಲ್ಲಿ ಹೊಸಬರು ಮಾಡುವುದು ಒಂದೇ: ಎದುರಿಗೊಂದು ಚಪ್ಪಟೆ ತಲದಲ್ಲಿ ಅಕ್ಷರ ಬರೆದು ಅಲ್ಲಿಂದ ಡಬ್ಬಿಯವರೆಗೆ ನೇರ ಎಳೆಯುವುದು. ನಡುವಿನ ‘ಸ್ತ’ ಚೆನ್ನಾಗಿಯೇ ಕೂರುತ್ತದೆ. ಆದರೆ ಪದದ ಎರಡೂ ತುದಿಗಳಲ್ಲಿ ಡಬ್ಬಿಯ ಮೈ ಹದಿಮೂರೂವರೆ ಮಿ.ಮೀ. ಹಿಂದೆ ಸರಿದಿರುತ್ತದೆ, ಅಕ್ಷರ ಅಷ್ಟುದ್ದ ಮೊಳೆಯಂತೆ ಹೊರಚಾಚುತ್ತದೆ. ಉಬ್ಬನ್ನು ಕತ್ತರಿಸಿ ಒಂದೇ ಎತ್ತರಕ್ಕೆ ತಂದರೂ ತುದಿಯಲ್ಲಿ ಅಕ್ಷರ ಒಂದೂವರೆ ಪಟ್ಟು ಹಿಗ್ಗಿಯೇ ಇರುತ್ತದೆ.

ಆದ್ದರಿಂದ ಅಕ್ಷರವನ್ನು ಎಳೆಯಬಾರದು, ಸುತ್ತಬೇಕು. ಫ್ಯೂಷನ್‌ನಂಥ ತಂತ್ರಾಂಶದ Emboss ಮಾಡುವುದು ಇದನ್ನೇ. ಡಬ್ಬಿಯ ಸುತ್ತಳತೆ ಸುಮಾರು 251 ಮಿ.ಮೀ.; ನಮ್ಮ ಪದ ಅದರಲ್ಲಿ 86 ಡಿಗ್ರಿಯಷ್ಟು ಜಾಗ ಹಿಡಿಯುತ್ತದೆ, ಎದುರು ನಿಂತವರಿಗೆ ಪೂರ್ತಿ ಕಾಣುತ್ತದೆ. ಚೆಂಡಿನ ಮೇಲೆ ಈ ಉಪಾಯ ನಡೆಯದು. ಚೆಂಡಿಗೆ ಕಾಗದ ಸುತ್ತಿದರೆ ಸುಕ್ಕಾಗುತ್ತದಲ್ಲ, ಅಕ್ಷರಕ್ಕೂ ಅದೇ ಪಾಡು. ಅಲ್ಲಿ ಚಿಕ್ಕ ಲೋಗೋ ಸಾಕು.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಕೆಲವು ಕ್ಯಾಡ್ ತಂತ್ರಾಂಶಗಳು ಒತ್ತಕ್ಷರವನ್ನು ಬಿಡಿಸಿ ‘ಸ್ ತ’ ಎಂದು ಹಾಕಿಬಿಡುತ್ತವೆ. ಪದವನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು, Object to Path ಕೊಟ್ಟು, ಎಸ್‌ವಿಜಿ ಕಡತವಾಗಿ ತಂದರೆ ಈ ಕಾಟ ತಪ್ಪುತ್ತದೆ. ಫಾಂಟ್ ದಪ್ಪಗಿರಲಿ. ಸಾಮಾನ್ಯ ನಾಜಲ್‌ನ ರಂಧ್ರ 0.4 ಮಿ.ಮೀ.; ಗೆರೆಯೂ ಗೆರೆಗಳ ನಡುವಿನ ಸಂದೂ ಅದರ ಎರಡು ಪಟ್ಟಾದರೂ ಇರಬೇಕು. ಮೊದಲು ಕೈಕೊಡುವುದು ಕೆಳಗಿನ ತ-ಒತ್ತು: ಅದರ ಹೊಟ್ಟೆ ಮುಚ್ಚಿಹೋಗುತ್ತದೆ. ಮುದ್ರಿಸುವ ಮೊದಲೇ ಸ್ಲೈಸರ್‌ನ ಪ್ರಿವ್ಯೂನಲ್ಲಿ ಪದರ ಪದರವಾಗಿ ನೋಡಿದರೆ ಇದು ಗೊತ್ತಾಗುತ್ತದೆ.

ಇನ್ನು ಉಬ್ಬಿನ ಎತ್ತರ. ಡಬ್ಬಿ ನೆಟ್ಟಗೆ ನಿಂತು ಮುದ್ರಣವಾಗುವಾಗ ಅಕ್ಷರದ ತಳಕ್ಕೆ ಆಸರೆಯಿಲ್ಲ. ಒಂದು ಮಿ.ಮೀ. ಚಾಚಿದರೆ ಮೊದಲ ಎಳೆಗಳು ಗಾಳಿಯಲ್ಲಿ ಜೋಲುತ್ತವೆ, ತಳದಂಚು ಕೂದಲು ಕೂದಲಾಗುತ್ತದೆ. ತಳಕ್ಕೆ 45 ಡಿಗ್ರಿ ಇಳಿಜಾರು ಕೊಟ್ಟರೆ 0.2 ಮಿ.ಮೀ. ದಪ್ಪದ ಪ್ರತಿ ಪದರವೂ ಅಷ್ಟೇ ಮುಂದೆ ಚಾಚುತ್ತದೆ, 0.4 ಅಗಲದ ಎಳೆಯಲ್ಲಿ ಅರ್ಧ ಕೆಳಗಿನ ಎಳೆಯ ಮೇಲೆ ಕೂತಿರುತ್ತದೆ. ಬಿದ್ದುಹೋಗುವ ಭಯವಿಲ್ಲ. ಆದರೆ ನಮ್ಮ ಅಕ್ಷರಗಳ ಸುರುಳಿಯಂಚಿಗೆಲ್ಲ ಇಳಿಜಾರು ಕೊಡಲು ಹೋದರೆ ತಂತ್ರಾಂಶ ಎಷ್ಟೋ ಸಲ ಆಗದೆಂದು ಕೈಚೆಲ್ಲುತ್ತದೆ. ಆಗ ಹಟ ಬೇಡ. ಉಬ್ಬನ್ನು 0.6ಕ್ಕೆ ಇಳಿಸುವುದೇ ಜಾಣತನ. ಜೋಲಿದರೂ ಕಣ್ಣಿಗೆ ಬೀಳದಷ್ಟು. ಸಪೋರ್ಟ್ ಹಾಕಿದರೆ ಅದನ್ನು ಕಿತ್ತ ಕಲೆ ಅಕ್ಷರದ ತಳದಲ್ಲೇ ಉಳಿಯುತ್ತದೆ.

ಅಕ್ಷರವನ್ನು ಬೇರೆ ತುಂಡಾಗಿ ಮಾಡಿ ಅಂಟಿಸುವವರು ಅದನ್ನು ಮೈಯೊಳಗೆ 0.3 ಮಿ.ಮೀ. ಹೂಳಬೇಕು. ಪರದೆಯಲ್ಲಿ ದುಂಡಗೆ ಕಾಣುವ ಡಬ್ಬಿ ಎಸ್‌ಟಿಎಲ್ ಕಡತದಲ್ಲಿ ಚಪ್ಪಟೆ ಪಟ್ಟಿಗಳ ಜೋಡಣೆ. 36 ಪಟ್ಟಿಗಳಿದ್ದರೆ ಪ್ರತಿ ಪಟ್ಟಿಯ ನಡುಭಾಗ ನಿಜವಾದ ವೃತ್ತಕ್ಕಿಂತ 0.15 ಮಿ.ಮೀ. ಒಳಗಿರುತ್ತದೆ. ಹೂಳದೆ ಬರೀ ತಾಗಿಸಿದ ಅಕ್ಷರ ಅಲ್ಲಿ ಮೈ ಬಿಟ್ಟು ನಿಂತಿರುತ್ತದೆ, ಮುದ್ರಣವಾದ ಮೇಲೆ ಉಗುರಿನಲ್ಲಿ ಮೀಟಿದರೂ ಕಳಚಿಬರುತ್ತದೆ.