ಹನಿ ನೀರಾವರಿಯ ಪಾಠವನ್ನು ವಿಡಿಯೋದಲ್ಲಿ ತೋರಿಸುವ ಕ್ರಮ

ಹನಿ ನೀರಾವರಿಯ ಕ್ರಮವನ್ನು ರೈತರಿಗೆ ತಿಳಿಸತಕ್ಕ ವಿಡಿಯೋಗಳನ್ನು ತಮ್ಮ ಹೊಲದಲ್ಲಿ ತೆಗೆಯಲು ಅನುಕೂಲ ಮಾಡಿಕೊಡುವ ಜಮೀನುದಾರರಿಗೂ, ಅವುಗಳನ್ನು ಊರಿನಲ್ಲಿ ತೋರಿಸುವ ಗ್ರಾಮದ ಮುಖಂಡರಿಗೂ ಉಪಯೋಗವಾಗುವಂತೆ ಈ ಲೇಖನವನ್ನು ಬರೆದಿದೆ.

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸಂಸ್ಥೆಯಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಎಂಬ ಯೋಜನೆಯವರು, ಗ್ರೀನ್ ಫೌಂಡೇಷನ್ ಸಂಸ್ಥೆಯ ಸಹಕಾರದಿಂದ ಕರ್ನಾಟಕದ ಗ್ರಾಮಗಳಲ್ಲಿ ಇಂಥ ವಿಡಿಯೋಗಳನ್ನು ಪರೀಕ್ಷಿಸಿದರು. ಸ್ಥಳೀಯ ರೈತರೇ ತಮ್ಮ ಹೊಲದಲ್ಲಿ ಕೆಲಸ ಮಾಡಿ ತೋರಿಸುವುದು, ಊರಿನವನೊಬ್ಬನು ಚಿತ್ರವನ್ನು ನಡುನಡುವೆ ನಿಲ್ಲಿಸಿ ನೋಡುವವರನ್ನು ಪ್ರಶ್ನಿಸುವುದು, ಇವೆರಡೂ ಅವರ ಕ್ರಮದ ಮುಖ್ಯಾಂಶಗಳು. ಜಯನಗರ ಅಥವಾ ಬನಶಂಕರಿಯಲ್ಲಿ ಕುಳಿತು ಮಾತನ್ನು ಬರೆಯುವವರು ಇದನ್ನು ಮರೆಯಬಾರದು. ಮೊದಲು ಕನಕಪುರದ ರಸ್ತೆ ಹಿಡಿದು ಹೊಲಕ್ಕೆ ಹೋಗಿ, ಕೆಲಸವನ್ನು ಕಣ್ಣಾರೆ ನೋಡಿ, ಆ ಬಳಿಕ ಬರೆಯತಕ್ಕದ್ದು.

ಒಂದು ವಿಡಿಯೋದಲ್ಲಿ ಒಂದೇ ದೋಷವನ್ನು ಹೇಳುವುದು ಯುಕ್ತ. ಉದಾಹರಣೆಗೆ, ಸಾಲಿನ ಮೊದಲ ಗಿಡವು ಸೊಂಪಾಗಿದ್ದು ಕೊನೆಯ ಗಿಡವು ಸೊರಗುವ ಸಂಗತಿಯನ್ನು ತೆಗೆದುಕೊಳ್ಳೋಣ. ಎಳೆಯ ಬಾಳೆಯ ಸಾಲೊಂದರಲ್ಲಿ ಗಿಡಕ್ಕೆ ಒಂದರಂತೆ, ಗಂಟೆಗೆ 4 ಲೀಟರ್ ನೀರು ಕೊಡತಕ್ಕ ಡ್ರಿಪ್ಪರ್ ಇದೆಯೆಂದು ಭಾವಿಸಿರಿ. ಇಂಥ ಡ್ರಿಪ್ಪರ್ 3 ನಿಮಿಷದಲ್ಲಿ 200 ಮಿಲಿಲೀಟರ್ ಕೊಡಬೇಕು. ಮೊದಲನೆಯದು 200 ಕೊಟ್ಟು, ಕೊನೆಯದು 120 ಮಾತ್ರ ಕೊಟ್ಟರೆ, ಮೋಟಾರು 2 ಗಂಟೆ ನಡೆದಾಗ ಮೊದಲ ಗಿಡಕ್ಕೆ 8 ಲೀಟರ್, ಕೊನೆಯದಕ್ಕೆ 4.8 ಲೀಟರ್ ಸಿಕ್ಕಿದಂತಾಯಿತು. ಕೊನೆಯ ಗಿಡಕ್ಕಾಗಿ ಇನ್ನೂ ಹೆಚ್ಚು ಹೊತ್ತು ನೀರು ಬಿಟ್ಟರೆ ಮೊದಲ ಗಿಡದ ಬುಡದಲ್ಲಿ ನೀರು ನಿಲ್ಲುವುದು. ದೋಷವು ಹಾಗೆಯೇ ಉಳಿಯುವುದು.

ಬರಹವನ್ನು ಎರಡು ಅಂಕಣಗಳಾಗಿ ಮಾಡತಕ್ಕದ್ದು: ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಎಡದ ಅಂಕಣವನ್ನೇ ಮೊದಲು ತುಂಬಿರಿ. ಮೊದಲ ಚಿತ್ರದಲ್ಲಿ ಇಡೀ ಸಾಲು ಕಾಣಲಿ. ಎರಡನೆಯದರಲ್ಲಿ ರೈತನ ಕೈಯನ್ನು ಹತ್ತಿರದಿಂದ ತೋರಿಸಿ, ಅವನು ಡ್ರಿಪ್ಪರಿನ ಕೆಳಗೆ ಸಣ್ಣ ಗುಳಿ ತೆಗೆದು ಲೋಟವನ್ನಿಡಲಿ. ನೀರು ಪೈಪಿನ ಮೈಮೇಲೆ ಹರಿದು ಹೋಗುವುದುಂಟಾದ್ದರಿಂದ, ಡ್ರಿಪ್ಪರಿಗೆ ದಾರವನ್ನು ಕಟ್ಟಿ ಅದರ ತುದಿಯನ್ನು ಲೋಟದೊಳಕ್ಕೆ ಬಿಡುವುದನ್ನೂ ತೋರಿಸತಕ್ಕದ್ದು. ಕೊನೆಗೆ ಒಂದೇ ಆಕಾರದ ಎರಡು ಲೋಟಗಳನ್ನು ಸಮನಾದ ಹಲಗೆಯ ಮೇಲೆ ಜೊತೆಯಾಗಿಡಬೇಕು. ವ್ಯತ್ಯಾಸವು ಆಗ ತಾನಾಗಿಯೇ ಕಾಣುವುದು.

ಬಲದ ಅಂಕಣದಲ್ಲಿ ಹೊಲದ ಮಾತೇ ಇರಲಿ. “ನೀರಿನ ವಿತರಣೆಯಲ್ಲಿ ಏಕರೂಪತೆ ಇಲ್ಲ” ಎಂದು ಬರೆದರೆ ಯಾರಿಗೂ ಮುಟ್ಟದು. “ನೋಡಣ್ಣ, ಎರಡೂ ಲೋಟ ಒಂದೇ ಹೊತ್ತು ಇಟ್ಟಿದ್ದು. ಈ ಕಡೇದು ತುಂಬಿಲ್ಲ. ಕೊನೇ ಗಿಡಕ್ಕೆ ನೀರು ಸಾಲ್ತಿಲ್ಲ” ಎಂದರೆ ಸಾಕು. ಬರೆದದ್ದನ್ನು ಆ ರೈತನಿಗೆ ಓದಿ ಹೇಳಿ, ಅವನು ಎಡವಿದ ಮಾತನ್ನು ಬದಲಿಸಿರಿ. ಮೋಟಾರಿನ ಸದ್ದಿನಲ್ಲಿ ಮಾತು ಮುಳುಗುವುದರಿಂದ ಪಂಪಿನಿಂದ ದೂರದಲ್ಲಿ ಧ್ವನಿಯನ್ನು ಹಿಡಿಯತಕ್ಕದ್ದು.

ಚಿತ್ರ ತೆಗೆಯುವಾಗ ಅನೇಕರು ಮಾಡುವ ತಪ್ಪೊಂದುಂಟು. ನೋಡಲು ಚೆನ್ನಾಗಿರಲೆಂದು ಫಿಲ್ಟರನ್ನೂ ಪೈಪುಗಳನ್ನೂ ಹಿಂದಿನ ದಿನವೇ ತೊಳೆದುಬಿಡುವರು. ಹಾಗಾದರೆ ತೋರಿಸಬೇಕಾದ ದೋಷವೇ ಇಲ್ಲವಾಗುವುದು. ಕೊಳೆತ ಸ್ಥಿತಿಯಲ್ಲಿಯೇ ಮೊದಲ ಅಳತೆಯನ್ನು ಚಿತ್ರಿಸಿಕೊಂಡು, ಆಮೇಲೆ ತೊಳೆಯುವುದನ್ನು ಕ್ರಮವಾಗಿ ತೋರಿಸಬೇಕು: ಮೊದಲು ಫಿಲ್ಟರಿನ ಜಾಲರಿ, ಬಳಿಕ ಸಬ್‌ಮೈನ್, ಕಟ್ಟಕಡೆಗೆ ಸಾಲಿನ ಪೈಪುಗಳು. ಸಾಲಿನ ಪೈಪುಗಳ ತುದಿಗಳನ್ನು ಒಮ್ಮೆಗೇ ಎಲ್ಲವನ್ನೂ ಬಿಚ್ಚಿದರೆ ನೀರಿನ ರಭಸವು ಕುಂದಿ ಕೆಸರು ಹೊರಬಾರದು. ಆದಕಾರಣ ಕೆಲವನ್ನು ಮಾತ್ರ ಬಿಚ್ಚಿ, ಕದಡಿದ ನೀರು ತಿಳಿಯಾಗುವವರೆಗೂ ಹರಿಯಗೊಡಬೇಕು. ಈ ಬಣ್ಣದ ಬದಲಾವಣೆಯನ್ನು ಬಿಳಿಯ ಬೋಗುಣಿಯಲ್ಲಿ ಹಿಡಿದು ತೋರಿಸಿದರೆ ಸ್ಪಷ್ಟವಾಗುವುದು.

ತೊಳೆದ ಬಳಿಕ ಅದೇ ಲೋಟಗಳಿಂದ ಅದೇ 3 ನಿಮಿಷ ಪುನಃ ಅಳೆಯಿರಿ. ಕೊನೆಯದು 180 ಮಿಲಿಲೀಟರ್ ದಾಟಿದರೆ ಕೆಲಸವು ಕೈಗೂಡಿತೆನ್ನಬಹುದು. ದಾಟದಿದ್ದರೆ ಅದನ್ನು ಮುಚ್ಚಿಡದೆ ತೋರಿಸಿ, ಕಾರಣವನ್ನು ಹೇಳಬೇಕು. ಡ್ರಿಪ್ಪರಿನ ಬಾಯಲ್ಲಿ ಬಿಳಿಯ ಸುಣ್ಣದಂಥ ಪೊರೆ ಕಂಡರೆ ಅದು ಕೊಳವೆಬಾವಿಯ ಗಡಸು ನೀರಿನ ಲಕ್ಷಣ. ಇದು ಬರೀ ನೀರಿನಿಂದ ಹೋಗದು. ಇದಕ್ಕೆ ಮಾಡುವ ಆಮ್ಲದ ಉಪಚಾರವು ಅಪಾಯಕರವಾದ್ದರಿಂದ ಅದನ್ನು ಬೇರೊಂದು ವಿಡಿಯೋಗೆ ಬಿಟ್ಟು, ಇಲಾಖೆಯ ಅಧಿಕಾರಿಯ ಸಮ್ಮುಖದಲ್ಲಿಯೇ ಮಾಡಿ ತೋರಿಸತಕ್ಕದ್ದು. ಪೊರೆಯೂ ಇಲ್ಲದೆ, ಸಾಲಿನ ಉದ್ದಕ್ಕೂ ನೀರು ಬರಬರುತ್ತ ಕಡಮೆಯಾದರೆ, ಪೈಪಿನ ಉದ್ದವು ಮಿತಿಮೀರಿದೆಯೇ, ಒತ್ತಡವು ಸಾಲದೆ ಇದೆಯೇ ಎಂದು ವಿಚಾರಿಸಬೇಕು.

ಊರಿನಲ್ಲಿ ಈ ವಿಡಿಯೋವನ್ನು ತೋರಿಸುವವರು ಎರಡು ಲೋಟಗಳು ಜೊತೆಯಾಗಿ ಕಂಡೊಡನೆ ಅದನ್ನು ನಿಲ್ಲಿಸಿ, “ನಿಮ್ಮ ಹೊಲದಲ್ಲಿ ಕೊನೇ ಲೋಟ ಎಷ್ಟು ತುಂಬೀತು?” ಎಂದು ಕೇಳಬೇಕು. ಮರುದಿನ ಬೆಳಿಗ್ಗೆ ಎಷ್ಟು ಜನರು ಲೋಟ ಹಿಡಿದು ಸಾಲಿನ ಕೊನೆಗೆ ಹೋದರೆಂಬುದರ ಮೇಲೆ ಆ ವಿಡಿಯೋದ ಗುಣವನ್ನು ನಿರ್ಣಯಿಸತಕ್ಕದ್ದು.