ವಾಂತಿ ಮಾತ್ರೆ: ಬಸ್ಸಿನ ಹೊತ್ತಿಗಲ್ಲ, ಔಷಧಿಯ ಹೊತ್ತಿಗೆ

ಕಂಬದೂರಿನಿಂದ ಕೀಮೋಗೆಂದು ಬೆಂಗಳೂರಿನ ಕಿದ್ವಾಯಿಗೆ ಹೋಗುವವರು ನಸುಕಿನಲ್ಲೇ ಪಾವಗಡದ ದಾರಿ ಹಿಡಿಯಬೇಕು, ಇಲ್ಲವೇ ಹಿಂದೂಪುರಕ್ಕೆ ಬಂದು ರೈಲು ಹತ್ತಬೇಕು. ಹೊರಡುವ ಗಡಿಬಿಡಿಯಲ್ಲಿ ಚೀಟಿಯಲ್ಲಿ ಬರೆದ ವಾಂತಿ ಮಾತ್ರೆಯನ್ನು ಮನೆಯಲ್ಲೇ ನುಂಗಿಬಿಡುವುದುಂಟು. ಎಡವಟ್ಟಾಗುವುದು ಇಲ್ಲೇ. ಮಾತ್ರೆಯ ಹೊತ್ತನ್ನು ಲೆಕ್ಕ ಹಾಕಬೇಕಾದದ್ದು ಮನೆ ಬಿಡುವ ಸಮಯದಿಂದಲ್ಲ, ಕೀಮೋ ಔಷಧಿ ರಕ್ತಕ್ಕೆ ಇಳಿಯುವ ಸಮಯದಿಂದ.

ಕೀಮೋ ಔಷಧಿ ಮೈಗೆ ಹೋದಾಗ ಕರುಳಿನ ಕೆಲವು ಕೋಶಗಳು ಸಿರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ನರಗಳ ಮೂಲಕ ಮಿದುಳಿಗೆ ವಾಂತಿಯ ಸೂಚನೆ ಕಳಿಸುತ್ತದೆ. ಒಂಡಾನ್‌ಸೆಟ್ರಾನ್ ಈ ಸೂಚನೆಯನ್ನು ತಡೆಯುತ್ತದೆ. ಆದರೆ ಅದು ಮೊದಲೇ ಹೋಗಿ ಜಾಗ ಹಿಡಿದಿರಬೇಕು. ಅದಕ್ಕೇ ಇದನ್ನು ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು ಕೊಡುತ್ತಾರೆ. ಮೂರು ದಿನದ ಪ್ಯಾಕಿನಲ್ಲಿ ಬರುವ ಅಪ್ರೆಪಿಟೆಂಟ್ ಕ್ಯಾಪ್ಸೂಲನ್ನು ಮೊದಲ ದಿನ ಒಂದು ಗಂಟೆ ಮೊದಲು ನುಂಗಬೇಕು. ಮೊದಲ ದಿನದ್ದು 125 ಮಿಲಿಗ್ರಾಂ, ಮುಂದಿನ ಎರಡು ದಿನದ್ದು 80. ಪ್ಯಾಕಿನಲ್ಲಿ ಅದಲು ಬದಲು ಆಗದಂತೆ ನೋಡಿಕೊಳ್ಳಿ.

ಸಿಸ್ಪ್ಲಾಟಿನ್ ಪಡೆಯುವ ಒಬ್ಬ ಮಹಿಳೆಯ ದಿನವನ್ನು ಊಹಿಸಿಕೊಳ್ಳಿ. ನಸುಕಿನ 4ಕ್ಕೆ ಮನೆಯಲ್ಲಿ ಒಂಡಾನ್‌ಸೆಟ್ರಾನ್ ನುಂಗಿದರು. ಆಸ್ಪತ್ರೆಯಲ್ಲಿ ರಕ್ತದ ರಿಪೋರ್ಟ್ ಬಂದು, ಡಾಕ್ಟರು ನೋಡಿ ಒಪ್ಪಿಗೆ ಕೊಟ್ಟಾಗ 10 ದಾಟಿತ್ತು. ಆಮೇಲೆ ಬಾಟಲಿ ಏರಿಸಿದರು, ಆದರೆ ಅದು ಬರೀ ಸಲೈನ್. ಸಿಸ್ಪ್ಲಾಟಿನ್ ಮೂತ್ರಪಿಂಡಕ್ಕೆ ಭಾರವಾಗದಿರಲೆಂದು ಮೊದಲು ನೀರಿನಂಶ ತುಂಬಿಸುತ್ತಾರೆ. ನಿಜವಾದ ಔಷಧಿ ಶುರುವಾದದ್ದು ಮಧ್ಯಾಹ್ನ 12ಕ್ಕೆ. ಒಂಡಾನ್‌ಸೆಟ್ರಾನ್ ರಕ್ತದಲ್ಲಿ ಸುಮಾರು ಮೂರು–ನಾಲ್ಕು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಬೇಕಾದ ಹೊತ್ತಿಗೆ ಉಳಿದದ್ದು ಅಲ್ಪಸ್ವಲ್ಪ ಮಾತ್ರ. ರಕ್ತದ ಎಣಿಕೆ ಕಡಿಮೆಯಿದೆ ಎಂದು ಕೀಮೋ ಮುಂದಕ್ಕೆ ಹೋಗಿದ್ದರೆ ನುಂಗಿದ್ದೇ ವ್ಯರ್ಥ.

ಸರಿಯಾದ ಕ್ರಮವೆಂದರೆ ಮಾತ್ರೆಗಳನ್ನು ಕೈಚೀಲದಲ್ಲಿ ಒಯ್ಯುವುದು. ರಿಪೋರ್ಟ್‌ಗೆ ಒಪ್ಪಿಗೆ ಸಿಕ್ಕಿದ ಮೇಲೆ, "ಸಿಸ್ಟರ್, ಸಲೈನ್ ಅಲ್ಲ, ಕೀಮೋ ಔಷಧಿ ಎಷ್ಟು ಗಂಟೆಗೆ ಹಾಕ್ತೀರಿ?" ಎಂದು ಕೇಳಿ. 12ಕ್ಕೆ ಎಂದರೆ ಅಪ್ರೆಪಿಟೆಂಟ್ 11ಕ್ಕೆ. ಒಂಡಾನ್‌ಸೆಟ್ರಾನ್ ಮತ್ತು ಡೆಕ್ಸಾಮೆಥಾಸೋನನ್ನು ಎಷ್ಟೋ ಕಡೆ ಅವರೇ 11:30ರ ಸುಮಾರಿಗೆ ಇಂಜೆಕ್ಷನ್ ಆಗಿ ಕೊಡುತ್ತಾರೆ. ಆಗ ಅದೇ ಮಾತ್ರೆಯನ್ನು ನೀವೂ ನುಂಗಿದರೆ ಡೋಸ್ ಎರಡಾಗುತ್ತದೆ. ಏನನ್ನು ಅವರು ಕೊಡುತ್ತಾರೆ, ಏನನ್ನು ನೀವು ನುಂಗಬೇಕು ಎಂಬುದನ್ನು ಕೇಳಿ ಚೀಟಿಯ ಮೇಲೇ ಬರೆಸಿಕೊಳ್ಳಿ. ಬಸ್ಸಿನಲ್ಲೇ ವಾಂತಿಯಾಗುವವರಿಗೆ ಒಂಡಾನ್‌ಸೆಟ್ರಾನ್ ಅಷ್ಟಾಗಿ ಕೆಲಸ ಮಾಡದು. ಪ್ರಯಾಣಕ್ಕೆಂದು ಬೇರೆ ಮಾತ್ರೆ ಬೇಕೇ ಎಂದು ಡಾಕ್ಟರನ್ನು ಮೊದಲೇ ಕೇಳಿ.

ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಗಡಿಯಾರ ನೋಡಿ, ಆಮೇಲೆ ವಾಂತಿಯನ್ನೂ ನೋಡಿ. ಅರ್ಧ ಗಂಟೆಯೊಳಗೆ ಆಗಿದ್ದರೆ ಔಷಧಿ ಬಹುತೇಕ ಹೊರಹೋಗಿರುತ್ತದೆ, ಸಾಮಾನ್ಯವಾಗಿ ಮತ್ತೆ ಕೊಡುತ್ತಾರೆ. ಅರ್ಧದಿಂದ ಒಂದು ಗಂಟೆಯೊಳಗೆ ಆಗಿದ್ದರೆ, ಮಾತ್ರೆ ಇಡಿಯಾಗಿ ಕಂಡಾಗ ಮಾತ್ರ ಮತ್ತೆ ಕೊಡುವ ಪ್ರಶ್ನೆ. ಗಂಟೆ ದಾಟಿದ್ದರೆ ಮತ್ತೆ ನುಂಗಬೇಡಿ. ಇದು ಸ್ಥೂಲ ನಿಯಮ ಮಾತ್ರ. ಆಸ್ಪತ್ರೆಯಲ್ಲಿದ್ದರೆ ಸಿಸ್ಟರ್‌ಗೆ ಹೇಳಿ, ಇಂಜೆಕ್ಷನ್ ಮೂಲಕ ಕೊಡಬಹುದು. ಮನೆಯಲ್ಲಿದ್ದರೆ ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿ ಕೇಳಿಯೇ ಮತ್ತೊಂದನ್ನು ತೆಗೆದುಕೊಳ್ಳಿ. ನಾಲಿಗೆ ಮೇಲೆ ಕರಗುವ ಮಾತ್ರೆಗೂ ಇದೇ ಲೆಕ್ಕ, ಏಕೆಂದರೆ ಅದೂ ಎಂಜಲಿನ ಜೊತೆ ಹೊಟ್ಟೆಗೇ ಹೋಗುತ್ತದೆ.

ಕ್ಯಾಪೆಸಿಟಾಬಿನ್‌ನಂಥ ಕೀಮೋ ಮಾತ್ರೆಯೇ ವಾಂತಿಯಲ್ಲಿ ಹೋದರೆ ಈ ನಿಯಮ ಬಳಸಲೇಬಾರದು. ಎಷ್ಟು ಒಳಗೆ ಸೇರಿತೆಂದು ಗೊತ್ತಾಗುವುದಿಲ್ಲ, ಹೆಚ್ಚಾದರೆ ಅಪಾಯ. ಆ ಡೋಸ್ ಬಿಟ್ಟು ಡಾಕ್ಟರಿಗೆ ತಿಳಿಸಿ, ಮುಂದಿನದನ್ನು ಅದರ ಸಮಯಕ್ಕೇ ತೆಗೆದುಕೊಳ್ಳಿ.

ಮೊದಲ ದಿನ ಚೆನ್ನಾಗಿ ಕಳೆದರೂ ಸಿಸ್ಪ್ಲಾಟಿನ್‌ನ ವಾಂತಿ ಎರಡನೇ, ಮೂರನೇ ದಿನ ಏರಬಹುದು. ಅದು ಮುಖ್ಯವಾಗಿ ಬೇರೊಂದು ದಾರಿಯಲ್ಲಿ, ಮಿದುಳಿನೊಳಗೇ ಏಳುವ ವಾಂತಿ. ಅಪ್ರೆಪಿಟೆಂಟ್ ತಡೆಯುವುದು ಆ ದಾರಿಯನ್ನು. ಆದ್ದರಿಂದ ವಾಕರಿಕೆ ಇಲ್ಲವೆಂದು ಮುಂದಿನ ದಿನಗಳ ಮಾತ್ರೆ ನಿಲ್ಲಿಸಬೇಡಿ. ಡೆಕ್ಸಾಮೆಥಾಸೋನ್ ಕೊಟ್ಟಿದ್ದರೆ ಬೆಳಿಗ್ಗೆ ತಿಂಡಿಯ ನಂತರ ತೆಗೆದುಕೊಳ್ಳಿ, ರಾತ್ರಿಯಾದರೆ ನಿದ್ದೆ ಕೆಡುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದು ಸಕ್ಕರೆ ಏರಿಸುತ್ತದೆ, ಅದನ್ನೂ ಹೇಳಿರಿ.

ಒಂದು ದಿನವಿಡೀ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ತಲೆ ಸುತ್ತಿದರೆ, ವಾಂತಿಯಲ್ಲಿ ರಕ್ತ ಕಂಡರೆ ಅಥವಾ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಾಯಬೇಡಿ. ಮೊದಲು ಕಲ್ಯಾಣದುರ್ಗದ ಸರ್ಕಾರಿ ಆಸ್ಪತ್ರೆಗಾದರೂ ಹೋಗಿ, ಕೀಮೋ ಚೀಟಿ ತೋರಿಸಿ. ಎಷ್ಟು ಸಲ ವಾಂತಿಯಾಯಿತು, ಯಾವ ದಿನ ಎಂದು ಬರೆದಿಟ್ಟುಕೊಂಡರೆ ಮುಂದಿನ ಸಲ ಡಾಕ್ಟರು ಅದನ್ನು ನೋಡಿ ಔಷಧಿ ಬದಲಿಸಬಹುದು ಇಲ್ಲವೇ ಒಲಾಂಜಪಿನ್‌ನಂಥ ಇನ್ನೊಂದನ್ನು ಸೇರಿಸಬಹುದು.